ಒಣಗಾಳಿಯ ಲೆಕ್ಕ: ಪೆನ್‌ಮನ್–ಮಾಂಟೀತ್ ಸಮೀಕರಣದ ಒಂದು ವಿಮರ್ಶೆ

ನೆಲದ ತೇವದಿಂದ ನೇರವಾಗಿ ಆವಿಯಾಗುವ ನೀರು ಮತ್ತು ಎಲೆಗಳ ರಂಧ್ರಗಳ ಮೂಲಕ ಹೊರಬೀಳುವ ನೀರು, ಇವೆರಡನ್ನೂ ಕೂಡಿಸಿದ ಮೊತ್ತವನ್ನು ಬೆಳೆಯಿಂದ ಬೆಳೆಗೆ ಬದಲಾಗದ ಒಂದು ಅಳತೆಗೋಲಿನಲ್ಲಿ ಹೇಳಬೇಕೆಂಬ ಅಗತ್ಯದಿಂದ ಆಧಾರ ಬಾಷ್ಪವಿಸರ್ಜನೆ ಎಂಬ ಕಲ್ಪನೆ ಹುಟ್ಟಿತು. ET0 ಎಂದು ಬರೆಯಲಾಗುವ ಈ ಪ್ರಮಾಣವನ್ನು ಲೆಕ್ಕಹಾಕಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ತನ್ನ ನೀರಾವರಿ ಮಾಲೆಯ 56ನೆಯ ಕೈಪಿಡಿಯಾಗಿ ಪ್ರಕಟಿಸಿದ, ಅಲೆನ್, ಪೆರೇರ, ರೇಸ್ ಮತ್ತು ಸ್ಮಿತ್ ಬರೆದ ಗ್ರಂಥವು ಒಂದೇ ಸಮೀಕರಣವನ್ನು ಪ್ರಮಾಣವೆಂದು ಮುಂದಿಟ್ಟಿತು. 1948ರಲ್ಲಿ ಪೆನ್‌ಮನ್ ಬಿಸಿಲಿನ ಶಕ್ತಿ ಮತ್ತು ಗಾಳಿಯ ಒಣಗಿಸುವ ಬಲ ಎರಡನ್ನೂ ಒಂದೇ ಸೂತ್ರದಲ್ಲಿ ಬೆಸೆದಿದ್ದರು. ಎಲೆಯು ನೀರನ್ನು ಬಿಟ್ಟುಕೊಡಲು ಒಡ್ಡುವ ಪ್ರತಿರೋಧವನ್ನು 1965ರಲ್ಲಿ ಮಾಂಟೀತ್ ಅದಕ್ಕೆ ಸೇರಿಸಿದರು. ಕೈಪಿಡಿಯು ಆ ಪ್ರತಿರೋಧಕ್ಕೆ ಸ್ಥಿರ ಬೆಲೆ ಕೊಟ್ಟು ಸೂತ್ರವನ್ನು ಈ ರೂಪಕ್ಕೆ ಇಳಿಸಿತು.

```
ET0 = [0.408 Δ (Rn − G) + γ (900/(T+273)) u2 (es − ea)] / [Δ + γ (1 + 0.34 u2)]
```

ಇಲ್ಲಿ Rn ಎಂದರೆ ನೆಲಕ್ಕೆ ದಕ್ಕುವ ನಿವ್ವಳ ವಿಕಿರಣ; G ಎಂದರೆ ಮಣ್ಣಿನೊಳಗೆ ಇಳಿಯುವ ಶಾಖ, ದಿನದ ಲೆಕ್ಕದಲ್ಲಿ ಅದನ್ನು ಸೊನ್ನೆಯೆಂದೇ ಹಿಡಿಯುತ್ತಾರೆ; u2 ನೆಲದಿಂದ 2 ಮೀಟರ್ ಎತ್ತರದ ಗಾಳಿಯ ವೇಗ; es ಗಾಳಿಯು ಹಿಡಿದಿಡಬಲ್ಲ ಗರಿಷ್ಠ ಆವಿಯ ಒತ್ತಡ, ea ಅದರಲ್ಲಿ ನಿಜವಾಗಿ ಇರುವ ಆವಿಯ ಒತ್ತಡ. ಉಷ್ಣತೆ ಏರಿದಂತೆ es ಎಷ್ಟು ಬೇಗ ಏರುತ್ತದೆಂಬುದನ್ನು Δ ಹೇಳಿದರೆ, γ ಸ್ಥಳದ ವಾಯುಭಾರವನ್ನು ಅವಲಂಬಿಸಿದ ಗುಣಾಂಕವಾಗಿದೆ. ಸೂತ್ರವು ವರ್ಣಿಸುವುದು 12 ಸೆಂಟಿಮೀಟರ್ ಎತ್ತರದ, ನೆಲವನ್ನು ಪೂರ್ತಿ ಮುಚ್ಚಿದ, ನೀರಿನ ಕೊರತೆಯಿಲ್ಲದ, ಬಿದ್ದ ಬಿಸಿಲಿನಲ್ಲಿ ಶೇ. 23ರಷ್ಟನ್ನು ಹಿಂದಿರುಗಿಸುವ ಹುಲ್ಲುಹಾಸನ್ನು. ಈ ಕೊನೆಯ ಷರತ್ತುಗಳನ್ನು ಅನೇಕರು ಓದಿ ಮರೆಯುತ್ತಾರೆ, ಆದರೆ ಸೂತ್ರದ ಯೋಗ್ಯತೆಯೂ ಅದರ ದೌರ್ಬಲ್ಯವೂ ಅಡಗಿರುವುದು ಅಲ್ಲಿಯೇ.

ಮೇಲಿನ ಅಂಶದ ಎರಡು ಭಾಗಗಳನ್ನು ಬೇರ್ಪಡಿಸಿ ನೋಡಿದರೆ ಸೂತ್ರದ ನಡೆ ತಿಳಿಯುತ್ತದೆ. ಕೈಪಿಡಿಯೇ ಬಿಡಿಸಿ ತೋರಿಸಿದ ಉದಾಹರಣೆಯು ಬೆಲ್ಜಿಯಂನ ಬ್ರಸೆಲ್ಸ್ ಬಳಿಯ ಉಕ್ಲ್ ಎಂಬಲ್ಲಿಯ ಜುಲೈ 6ರ ದಿನಕ್ಕೆ ಸೇರಿದ್ದು: ಗರಿಷ್ಠ ಉಷ್ಣತೆ 21.5 ಡಿಗ್ರಿ, ಕನಿಷ್ಠ 12.3 ಡಿಗ್ರಿ, 2 ಮೀಟರಿಗೆ ಇಳಿಸಿದ ಗಾಳಿಯ ವೇಗ ಸೆಕೆಂಡಿಗೆ 2.08 ಮೀಟರ್, ನಿವ್ವಳ ವಿಕಿರಣ ಚದರ ಮೀಟರಿಗೆ 13.28 ಮೆಗಾಜೂಲ್, ಫಲಿತಾಂಶ ದಿನಕ್ಕೆ 3.9 ಮಿಲಿಮೀಟರ್. ಇದರ ಪಕ್ಕದಲ್ಲಿ ಸಮುದ್ರಮಟ್ಟದಿಂದ 400 ಮೀಟರ್ ಎತ್ತರದ ರಾಯಚೂರಿನ ಬಯಲಿನಲ್ಲಿ ಏಪ್ರಿಲ್ ಮಧ್ಯದ ಒಂದು ದಿನವನ್ನು ಕಲ್ಪಿಸಿಕೊಂಡು, ಗರಿಷ್ಠ ಉಷ್ಣತೆ 40 ಡಿಗ್ರಿ, ಕನಿಷ್ಠ 25, ತೇವಾಂಶ ಬೆಳಗಿನ ಜಾವ ಶೇ. 60, ಮಧ್ಯಾಹ್ನ ಶೇ. 20, ಗಾಳಿ ಸೆಕೆಂಡಿಗೆ 2 ಮೀಟರ್, ಸೌರವಿಕಿರಣ 24 ಮೆಗಾಜೂಲ್ ಎಂದು ಇಟ್ಟುಕೊಳ್ಳಬಹುದು. ಹುಲ್ಲು ಹಿಂದಿರುಗಿಸುವ ಬೆಳಕನ್ನೂ ನೆಲವು ಆಕಾಶಕ್ಕೆ ಮರಳಿಸುವ ಶಾಖವನ್ನೂ ಕಳೆದರೆ ನಿವ್ವಳ ವಿಕಿರಣ 13.2 ಮೆಗಾಜೂಲ್ ಉಳಿಯುತ್ತದೆ, ಅಂದರೆ ಬ್ರಸೆಲ್ಸಿನಷ್ಟೇ. ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಆದರೂ ET0 ಮಾತ್ರ 7.4 ಮಿಲಿಮೀಟರ್, ಹತ್ತಿರ ಹತ್ತಿರ ಇಮ್ಮಡಿ.

ಈ ಇಮ್ಮಡಿಗೆ ಕಾರಣ ಮುಖ್ಯವಾಗಿ es ಮತ್ತು ea ನಡುವಿನ ಅಂತರ, ಅಂದರೆ ಗಾಳಿಯ ಆವಿಯ ಕೊರತೆ. ಬ್ರಸೆಲ್ಸಿನಲ್ಲಿ ಅದು 0.59 ಕಿಲೊಪ್ಯಾಸ್ಕಲ್ ಇದ್ದರೆ ರಾಯಚೂರಿನ ದಿನದಲ್ಲಿ 3.58. ಅಲ್ಲಿ 3.9ರಲ್ಲಿ 2.8 ಮಿಲಿಮೀಟರನ್ನು ವಿಕಿರಣವೇ ತಂದುಕೊಟ್ಟಿತ್ತು. ಇಲ್ಲಿ ವಿಕಿರಣದ ಪಾಲು 3.9, ಗಾಳಿಯ ಪಾಲು 3.5. ಉಷ್ಣತೆಯೊಂದನ್ನೇ ಅಥವಾ ವಿಕಿರಣವೊಂದನ್ನೇ ನೆಚ್ಚಿಕೊಂಡ ಹಳೆಯ ಸೂತ್ರಗಳು ಒಂದು ಪ್ರದೇಶದಲ್ಲಿ ಸರಿಹೊಂದಿ ಇನ್ನೊಂದರಲ್ಲಿ ತಪ್ಪುತ್ತಿದ್ದುದಕ್ಕೆ ಇಂಥ ವ್ಯತ್ಯಾಸವೇ ಕಾರಣವಾಗಿರುವುದರಿಂದ, ಎರಡೂ ಬಲಗಳಿಗೆ ತಕ್ಕ ತೂಕ ಕೊಡುವ ಈ ಸಮೀಕರಣವನ್ನು ಪ್ರಮಾಣವಾಗಿ ಆರಿಸಿದ್ದು ನಿಸ್ಸಂದೇಹವಾಗಿ ಸರಿಯಾದ ನಿರ್ಧಾರ.

ಆದರೆ ಗಾಳಿಯ ಪಾಲು ಹೆಚ್ಚಿದಂತೆ ಗಾಳಿಗೆ ಸಂಬಂಧಿಸಿದ ತಪ್ಪುಗಳ ಬೆಲೆಯೂ ಹೆಚ್ಚುತ್ತದೆ. ಹವಾಮಾನ ಕೇಂದ್ರಗಳಲ್ಲಿ ಗಾಳಿಯನ್ನು ಸಾಮಾನ್ಯವಾಗಿ 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ಅದನ್ನು 0.748ರಿಂದ ಗುಣಿಸಿ 2 ಮೀಟರಿಗೆ ಇಳಿಸಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಬ್ರಸೆಲ್ಸಿನ ಉತ್ತರ ಕೇವಲ 0.1 ಮಿಲಿಮೀಟರ್ ಏರುತ್ತದೆ, ರಾಯಚೂರಿನದು 7.4ರಿಂದ 8.3ಕ್ಕೆ ಜಿಗಿಯುತ್ತದೆ. ಸರಾಸರಿಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಉಷ್ಣತೆಯೊಂದಿಗೆ es ಸರಳರೇಖೆಯಲ್ಲಿ ಏರದೆ ಮೇಲ್ಮೇಲಕ್ಕೆ ಬಾಗುತ್ತ ಏರುವುದರಿಂದ, 40 ಮತ್ತು 25 ಡಿಗ್ರಿಗಳಿಗೆ ಅದನ್ನು ಬೇರೆಬೇರೆಯಾಗಿ ಲೆಕ್ಕಹಾಕಿ ಸರಾಸರಿ ತೆಗೆದರೆ 5.27 ಕಿಲೊಪ್ಯಾಸ್ಕಲ್ ಬರುತ್ತದೆ, 32.5 ಡಿಗ್ರಿಯ ಸರಾಸರಿ ಉಷ್ಣತೆಗೆ ಒಂದೇ ಸಲ ಲೆಕ್ಕಹಾಕಿದರೆ 4.89 ಮಾತ್ರ. ಇದರ ಜೊತೆಗೆ ತೇವಾಂಶವನ್ನೂ ಶೇ. 40 ಎಂದು ಸರಾಸರಿಯಾಗಿಯೇ ತೆಗೆದುಕೊಂಡರೆ ದಿನದ ಉತ್ತರ 6.9ಕ್ಕೆ ಇಳಿಯುತ್ತದೆ, ಇದೇ ಹವೆ ತಿಂಗಳಿಡೀ ಇದ್ದರೆ ಸುಮಾರು 15 ಮಿಲಿಮೀಟರ್ ನೀರು ಲೆಕ್ಕದಿಂದಲೇ ಜಾರಿಹೋಗುತ್ತದೆ. ಕೈಪಿಡಿ ಈ ಎರಡರ ಬಗ್ಗೆಯೂ ಸ್ಪಷ್ಟವಾಗಿ ಎಚ್ಚರಿಸಿದೆ. ದೋಷವಿರುವುದು ದಿನದ ಸರಾಸರಿಗಳನ್ನಷ್ಟೇ ಉಳಿಸಿಕೊಂಡು ಗರಿಷ್ಠ–ಕನಿಷ್ಠಗಳನ್ನು ಕೈಬಿಡುವ ದಾಖಲೆಯ ರೂಢಿಯಲ್ಲಿ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ಸೂತ್ರದ ಒಳಗಿನಿಂದಲೇ ಬರುವ ತೊಡಕು ಬೇರೆ ಇದೆ. ಸಮೀಕರಣವು ಬಯಸುವುದು ನೀರುಂಡ ಹುಲ್ಲಿನ ಮೇಲಿನ ಗಾಳಿಯ ಉಷ್ಣತೆ ಮತ್ತು ತೇವಾಂಶವನ್ನು, ಏಕೆಂದರೆ ಅಂಥ ಹುಲ್ಲು ತಾನೇ ಆವಿಯನ್ನು ಬಿಟ್ಟು ತನ್ನ ಮೇಲಿನ ಗಾಳಿಯನ್ನು ತಂಪಾಗಿಸುತ್ತದೆ, ತೇವಗೊಳಿಸುತ್ತದೆ. ಏಪ್ರಿಲ್‌ನಲ್ಲಿ ಬಿರುಕುಬಿಟ್ಟ ಎರೆನೆಲದ ನಡುವೆ ನಿಂತ ಕೇಂದ್ರವು ಅಳೆಯುವುದು ಆ ಗಾಳಿಯನ್ನಲ್ಲ. ಇದನ್ನು ಪತ್ತೆಹಚ್ಚಲು ಸುಲಭವಾದ ಒಂದು ಪರೀಕ್ಷೆಯಿದೆ: ನೀರುಂಡ ಹುಲ್ಲಿನ ಮೇಲೆ ರಾತ್ರಿಯ ಕನಿಷ್ಠ ಉಷ್ಣತೆಯು ಇಬ್ಬನಿ ಬಿಂದುವಿನ, ಅಂದರೆ ಗಾಳಿಯಲ್ಲಿರುವ ಆವಿ ನೀರಾಗತೊಡಗುವ ಉಷ್ಣತೆಯ, ಹತ್ತಿರಕ್ಕೆ ಇಳಿಯುತ್ತದೆ. ರಾಯಚೂರಿನ ಕಲ್ಪಿತ ದಿನದಲ್ಲಿ ಕನಿಷ್ಠ ಉಷ್ಣತೆ 25 ಡಿಗ್ರಿ, ಇಬ್ಬನಿ ಬಿಂದು ಸುಮಾರು 14.8, ಹತ್ತು ಡಿಗ್ರಿಯ ಈ ಅಂತರವೇ ಕೇಂದ್ರದ ಸುತ್ತಲಿನ ನೆಲ ಒಣಗಿದೆಯೆಂಬುದಕ್ಕೆ ಸಾಕ್ಷಿ.

ಕೈಪಿಡಿಯ ಆರನೆಯ ಅನುಬಂಧವು ಇದಕ್ಕೊಂದು ತಿದ್ದುಪಡಿ ಸೂಚಿಸುತ್ತದೆ: ಅಂತರದಲ್ಲಿ 2 ಡಿಗ್ರಿಯನ್ನು ಸಹಜವೆಂದು ಬಿಟ್ಟು, ಮಿಕ್ಕದ್ದರಲ್ಲಿ ಅರ್ಧವನ್ನು ಎರಡೂ ಉಷ್ಣತೆಗಳಿಂದ ಕಳೆದು ಇನ್ನರ್ಧವನ್ನು ಇಬ್ಬನಿ ಬಿಂದುವಿಗೆ ಕೂಡಿಸಬೇಕು. ಹಾಗೆ ಮಾಡಿದರೆ ಆವಿಯ ಕೊರತೆ 3.58ರಿಂದ 2ಕ್ಕೆ ಕುಗ್ಗಿ, ET0 ಸುಮಾರು 6.2 ಮಿಲಿಮೀಟರಿಗೆ ಇಳಿಯುತ್ತದೆ. ಅರ್ಧಕ್ಕರ್ಧ ಎಂಬ ಹಂಚಿಕೆಯು ಸ್ಥೂಲವಾದದ್ದು, ಆದರೂ ಸುತ್ತಲಿನ ಬರಡನ್ನು ಬೆಳೆಯ ದಾಹವೆಂದು ಎಣಿಸುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ. ಹಾಗೆಂದು ಇದನ್ನು ಎಲ್ಲೆಡೆ ಕಣ್ಣುಮುಚ್ಚಿ ಹಚ್ಚುವಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಕರೆಗಟ್ಟಲೆ ಒಂದೇ ಹಾಸಿನಂತೆ ಹಸಿರಾದ ಗದ್ದೆಬಯಲಿಗೆ ತಿದ್ದಿದ 6.2 ಹೆಚ್ಚು ಒಪ್ಪುತ್ತದೆ. ಬೋರ್‌ವೆಲ್ ನಂಬಿದ ಒಂಟಿ ತುಂಡುಹೊಲಕ್ಕೆ ಸುತ್ತಲಿನ ಬೀಳುನೆಲದಿಂದ ಬಿಸಿ ಒಣಗಾಳಿ ಎಡೆಬಿಡದೆ ಬೀಸಿಬರುವುದರಿಂದ ಅಲ್ಲಿಯ ನಷ್ಟ 7.4ರ ಕಡೆಗೇ ವಾಲಬಹುದು. ಯಾವ ಹೊಲಕ್ಕೆ ಯಾವ ಅಂಕಿ ಎಂದು ನಿರ್ಧರಿಸಲು ಬೇಕಾದ ಮಾಹಿತಿ ಸಮೀಕರಣದಲ್ಲಿಲ್ಲ. ಅದನ್ನು ಕೇಂದ್ರದ ದಾಖಲೆಯೇ ಕೊಡಬೇಕು. ಗಾಳಿಮಾಪಕದ ಎತ್ತರ, ದಿನದಿನದ ಇಬ್ಬನಿ ಬಿಂದು, ಆ ತಿಂಗಳಲ್ಲಿ ಸುತ್ತಲಿನ ನೂರಿನ್ನೂರು ಮೀಟರ್ ನೆಲ ಹಸಿರಾಗಿತ್ತೋ ಬರಿದಾಗಿತ್ತೋ ಎಂಬ ಒಂದು ಸಾಲು, ಇವಿಲ್ಲದೆ ದಶಮಾಂಶದೊಂದಿಗೆ ಪ್ರಕಟವಾಗುವ ET0 ಪಟ್ಟಿಯನ್ನು ಒಣಪ್ರದೇಶದ ನೀರಾವರಿ ಲೆಕ್ಕಕ್ಕೆ ನೇರವಾಗಿ ಬಳಸಬಾರದು.