ಎರಡು ಸಾಲಿನ ಬೋರ್ಡು, ತೊಂಬತ್ತು ದಿನದ ಮಾತು

ಪ್ರತಿ ಕ್ಲಿನಿಕ್ಕಿಗೂ ಈಗ ಎರಡು ಬೋರ್ಡು. ಒಂದು ಬಾಗಿಲ ಮೇಲೆ, ಇನ್ನೊಂದು ಗೂಗಲ್‌ನಲ್ಲಿ. ಗೂಗಲ್‌ನ ಬೋರ್ಡು ಅಂದ್ರೆ ಹುಡುಕಿದಾಗ ಕಾಣುವ ನೀಲಿ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲಿನ ವಿವರಣೆ. ವೆಬ್ ಪುಟದ ಕೋಡಿನಲ್ಲಿ ಬರೆದಿಡುವ ಈ ಸಾಲುಗಳನ್ನೇ ಮೆಟಾಡೇಟಾ ಅಂತ ಕರೆಯೋದು. ಕ್ಲಿನಿಕ್‌ಗಳಿಗೆ ಪುಟ ಬರೆದುಕೊಡುವುದು ನನ್ನ ಕಸುಬು, ಹಾಗಾಗಿ ಇಂಥ ಬೋರ್ಡುಗಳನ್ನು ದಿನಾ ಓದುತ್ತೇನೆ. ಬಾಗಿಲ ಮೇಲೆ ಹೆಸರು, ಡಿಗ್ರಿ, ಸಮಯ ಅಂತ ಮೂರೇ ಮಾತು ಬರೆಸುವ ಡಾಕ್ಟರೂ ಗೂಗಲ್‌ಗೆ ಬಂದಾಗ ಸಂತೆಯಲ್ಲಿ ತೈಲ ಮಾರುವವನ ದನಿಯಲ್ಲಿ ಕೂಗೋದು ಯಾಕೆ ಅನ್ನೋದೇ ನನ್ನ ತಕರಾರು.

ಒಂದು ಉದಾಹರಣೆ ತಗೊಳ್ಳೋಣ. ಯಾವುದೇ ಒಂದು ಕ್ಲಿನಿಕ್ಕಿನದಲ್ಲ, ನಾನು ನೋಡಿದ ಹಲವನ್ನು ಸೇರಿಸಿ ಕಟ್ಟಿದ್ದು:

```html
<title>ಬೆಂಗಳೂರಿನ ನಂ.1 ಡಯಾಬಿಟಿಸ್ ಕ್ಲಿನಿಕ್ | 90 ದಿನದಲ್ಲಿ ಶುಗರ್ ಸಂಪೂರ್ಣ ಗುಣ | 100% ಗ್ಯಾರಂಟಿ</title>
```

ಮೊದಲು ಇದನ್ನು ಬರೀ ಹುಡುಕಾಟದ ಲೆಕ್ಕದಲ್ಲೇ ನೋಡಿ. ಬಸವೇಶ್ವರನಗರದಲ್ಲಿ ಕೂತು ಫೋನಿನಲ್ಲಿ ‘ಡಯಾಬಿಟಿಸ್ ಡಾಕ್ಟರ್’ ಅಂತ ಒತ್ತಿದವರಿಗೆ ಯಾವ ಕ್ಲಿನಿಕ್ ತೋರಿಸಬೇಕು ಅನ್ನೋದನ್ನು ಗೂಗಲ್ ಮುಖ್ಯವಾಗಿ ಮೂರು ವಿಷಯದ ಮೇಲೆ ತೀರ್ಮಾನಿಸುತ್ತದೆ: ಕೇಳಿದ್ದಕ್ಕೂ ಕ್ಲಿನಿಕ್ಕಿಗೂ ಇರುವ ಸಂಬಂಧ, ದೂರ, ಮತ್ತು ಆ ಕ್ಲಿನಿಕ್ ಎಷ್ಟು ಜನರಿಗೆ ಗೊತ್ತು ಎಂಬುದು. ಈ ಮೂರನೆಯದರಲ್ಲಿ ರೋಗಿಗಳು ಬರೆದ ರಿವ್ಯೂಗಳೂ ಸೇರುತ್ತವೆ. ‘ನಂ.1’ ಅಂತ ನಾವೇ ಬರೆದುಕೊಂಡರೆ ಈ ಮೂರರಲ್ಲಿ ಯಾವುದೂ ಜಾಸ್ತಿಯಾಗಲ್ಲ. ‘ಬೆಂಗಳೂರು’ ಒಂದೇ ಬರೆದು ಬಡಾವಣೆ ಬಿಟ್ಟದ್ದು ಮಾತ್ರ ನಿಜವಾದ ನಷ್ಟ. ಯಲಹಂಕದವರು ಶುಗರ್ ಚೆಕಪ್ಪಿಗೆ ಅಂತ ಬಸವೇಶ್ವರನಗರಕ್ಕೆ ಬರೋದು ಅಪರೂಪ, ಅದು ಗೂಗಲ್‌ಗೂ ಗೊತ್ತು. ಅಂದರೆ ಉಪಯೋಗಕ್ಕೆ ಬರುವ ಒಂದು ಪದವನ್ನು ಕೈಬಿಟ್ಟು, ಬಾರದ ಹಲವು ಪದ ತುಂಬಿದ್ದಾರೆ. ಶೀರ್ಷಿಕೆ ಉದ್ದವಾದರೆ ಪರದೆಯ ಅಗಲಕ್ಕೆ ತಕ್ಕ ಹಾಗೆ ಕೊನೆ ಕತ್ತರಿಸಿಹೋಗುತ್ತದೆ, ಕನ್ನಡ ಅಕ್ಷರ ಹೆಚ್ಚು ಜಾಗ ತಿನ್ನುವುದರಿಂದ ಇನ್ನೂ ಬೇಗ.

ಇನ್ನು ‘90 ದಿನ’ದ ಮಾತು. ಡಯಾಬಿಟಿಸ್ ಹತೋಟಿಯನ್ನು ಅಳೆಯುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. 2021ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮತ್ತು ಯುರೋಪಿನ ತಜ್ಞರ ಸಂಘ ಸೇರಿ ಒಂದು ವ್ಯಾಖ್ಯೆ ಕೊಟ್ಟರು. ‘ಗುಣ’ ಅನ್ನುವ ಪದ ಬಿಟ್ಟು ‘ರೆಮಿಷನ್’, ಅಂದರೆ ಸದ್ಯಕ್ಕೆ ರೋಗ ತಗ್ಗಿರುವ ಸ್ಥಿತಿ, ಅನ್ನುವ ಪದವನ್ನು ಆರಿಸಿಕೊಂಡರು. ಶುಗರಿನ ಔಷಧ ಪೂರ್ತಿ ನಿಲ್ಲಿಸಿ ಕನಿಷ್ಠ 3 ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5%ಗಿಂತ ಕೆಳಗಿದ್ದರೆ ಅದು ರೆಮಿಷನ್. ಈಗ ಲೆಕ್ಕ ಹಾಕಿ. ಕ್ಲಿನಿಕ್ಕಿಗೆ ಕಾಲಿಟ್ಟ ಮೊದಲ ದಿನವೇ ಮಾತ್ರೆ ನಿಲ್ಲಿಸಿದರೂ, 90ನೇ ದಿನ ಅನ್ನೋದು ಪರೀಕ್ಷೆ ಮಾಡಿ ನೋಡಬಹುದಾದ ಮೊದಲ ದಿನ, ಅಷ್ಟೇ. ಫಲಿತಾಂಶ ಬರುವ ಮೊದಲೇ ಇವರು ಗ್ಯಾರಂಟಿ ಕೊಟ್ಟಾಗಿದೆ.

ಹಾಗಂತ ಆ ಮಾತಿನ ಹಿಂದೆ ಏನೂ ಇಲ್ಲ ಅಂತಲ್ಲ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಹಾರವನ್ನು ಕಟ್ಟುನಿಟ್ಟಾಗಿ ಇಳಿಸಿ ತೂಕ ಕಡಿಮೆ ಮಾಡಿಸಿದ ಗುಂಪಿನಲ್ಲಿ ಒಂದು ವರ್ಷದ ಹೊತ್ತಿಗೆ 46% ಜನಕ್ಕೆ ರೆಮಿಷನ್ ಸಿಕ್ಕಿತ್ತು, ಎರಡನೇ ವರ್ಷದ ಹೊತ್ತಿಗೆ ಅದು 36%ಕ್ಕೆ ಇಳಿಯಿತು. ಅವರೆಲ್ಲ ಟೈಪ್ 2ನವರು, ತೂಕ ಹೆಚ್ಚಿದ್ದವರು, ರೋಗ ಪತ್ತೆಯಾಗಿ 6 ವರ್ಷದೊಳಗಿನವರು, ಇನ್ಸುಲಿನ್ ತಗೊಳ್ಳದವರು. ಇಷ್ಟು ಷರತ್ತುಗಳನ್ನು ಸೇರಿಸಿದರೆ ಮಾತು ನಿಜ. ಬಿಟ್ಟರೆ ಸುಳ್ಳು. ಶೀರ್ಷಿಕೆಯಲ್ಲಿ ಇವಕ್ಕೆ ಜಾಗ ಇಲ್ಲ. ಆದ್ದರಿಂದ ನನ್ನ ನಿಯಮ ಒಂದೇ: ಷರತ್ತು ಹಿಡಿಯದ ಜಾಗದಲ್ಲಿ ಚಿಕಿತ್ಸೆಯ ಫಲದ ಮಾತು ಆಡಬಾರದು. ಅದನ್ನು ಪುಟದ ಒಳಗೆ, ಷರತ್ತುಗಳ ಜೊತೆಗೇ, ಡಾಕ್ಟರೇ ಬರೆಯಲಿ.

ಇದು ಬರೀ ಭಾಷಾಶುದ್ಧಿಯ ಪ್ರಶ್ನೆ ಅಲ್ಲ. ‘ಶುಗರ್ ಸಂಪೂರ್ಣ ಗುಣ’ ಅನ್ನುವ ಸಾಲು ಟೈಪ್ 1, ಟೈಪ್ 2 ಅಂತ ಬೇರೆ ಮಾಡಲ್ಲ. ಟೈಪ್ 1 ಇರುವ ಹುಡುಗನೊಬ್ಬ ಇದನ್ನು ನಂಬಿ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು. ಕಾನೂನೂ ಇದನ್ನು ಹಗುರವಾಗಿ ತಗೊಂಡಿಲ್ಲ. ಇಂಥಿಂಥ ರೋಗವನ್ನು ಔಷಧದಿಂದ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಎನ್ನುವ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಡಯಾಬಿಟಿಸ್ ಇದೆ. ರೋಗಿಗಳನ್ನು ಜಾಹೀರಾತಿನಿಂದ ಸೆಳೆಯುವುದನ್ನು ವೈದ್ಯರ 2002ರ ನಡತೆ ನಿಯಮಗಳೂ ಒಪ್ಪುವುದಿಲ್ಲ.

ಹಾಗಾದರೆ ಏನು ಬರೆಯೋದು? ನಾನು ಬರೆಯೋದು ಹೀಗೆ:

```html
<title>ಡಯಾಬಿಟಿಸ್ ಕ್ಲಿನಿಕ್, ಬಸವೇಶ್ವರನಗರ | (ಕ್ಲಿನಿಕ್ ಹೆಸರು)</title>
<meta name="description" content="ಎಂ.ಡಿ. ವೈದ್ಯರಿಂದ ಶುಗರ್ ತಪಾಸಣೆ, ಎಚ್‌ಬಿಎ1ಸಿ, ಪಾದ ಪರೀಕ್ಷೆ. ಸೋಮ–ಶನಿ ಸಂಜೆ 5ರಿಂದ 9. ಹಾವನೂರು ಸರ್ಕಲ್ ಹತ್ತಿರ.">
```

ಏನು, ಎಲ್ಲಿ, ಯಾರು, ಯಾವಾಗ. ಪ್ರತಿ ಪದಕ್ಕೂ ‘ಇದಕ್ಕೆ ಏನು ತೋರಿಸ್ತೀರ?’ ಅಂತ ಕೇಳಿ ನೋಡಿ. ಎಂ.ಡಿ.ಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಇದೆ. ಕ್ಲಿನಿಕ್ಕಿಗೆ ಕೆಪಿಎಂಇ ನೋಂದಣಿ ಪತ್ರ ಇರಬೇಕು. ಸಮಯವನ್ನು ಹೋಗಿ ನೋಡಬಹುದು. ಪಾದ ಪರೀಕ್ಷೆ ಮಾಡ್ತಾರೋ ಇಲ್ಲವೋ ಅಂತ ಫೋನ್ ಮಾಡಿ ಕೇಳಬಹುದು. ತೋರಿಸಲು ಏನೂ ಇಲ್ಲದ ಪದವನ್ನು ತೆಗೆದುಹಾಕಿ. ತಮಾಷೆ ಏನಂದ್ರೆ, ಉಳಿಯುವ ಪದಗಳೇ ಜನ ಹುಡುಕುವ ಪದಗಳು.

ಇದನ್ನು ತೋರಿಸಿದಾಗ ಮ್ಯಾನೇಜರ್ ಒಬ್ಬರು, ‘ಸರ್, ತುಂಬಾ ಸಪ್ಪೆ ಆಯ್ತು. ಪಕ್ಕದ ರೋಡಿನವರು ನಂ.1 ಅಂತಾನೇ ಹಾಕಿದಾರಲ್ಲ’ ಅಂದರು. ‘ಅವರು ಮೇಲೆ ಬರ್ತಿರೋದು ಆ ಪದದಿಂದಲೇ ಅಂತ ಹೇಗೆ ಹೇಳ್ತೀರಿ ಸರ್? ಅವರಿಗೆ ನಿಮಗಿಂತ ಜಾಸ್ತಿ ರಿವ್ಯೂ ಇದೆ ನೋಡಿ’ ಅಂದೆ. ಆ ವಿವರಣೆಯ ಸಾಲನ್ನು ಗೂಗಲ್ ಸ್ಥಾನ ಕೊಡಲು ಲೆಕ್ಕಕ್ಕೇ ತಗೊಳ್ಳಲ್ಲ. ಅದು ಓದಿದವರು ಒತ್ತುತ್ತಾರೋ ಇಲ್ಲವೋ ಅನ್ನೋದಕ್ಕೆ ಮಾತ್ರ. ರಾತ್ರಿ 8ಕ್ಕೆ ಆಫೀಸಿಂದ ಹೊರಟವರಿಗೆ ‘ಸಂಜೆ 5ರಿಂದ 9’ ಅನ್ನುವ ಮಾತಿಗಿಂತ ದೊಡ್ಡ ಆಕರ್ಷಣೆ ಯಾವುದು?

ಎರಡು ಮಿತಿಗಳನ್ನೂ ಹೇಳಬೇಕು. ನಾವು ಬರೆದದ್ದನ್ನೇ ಗೂಗಲ್ ತೋರಿಸುತ್ತೆ ಅಂತಿಲ್ಲ. ಪುಟದ ಒಳಗಿನ ತಲೆಬರಹದಿಂದ, ಪ್ಯಾರಾದಿಂದ ತನಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತದೆ. ಆದ್ದರಿಂದ ಮೆಟಾಡೇಟಾ ಶುದ್ಧ ಮಾಡಿ, ಪುಟದ ನೆತ್ತಿಯ ಮೇಲೆ ‘100% ಗ್ಯಾರಂಟಿ’ ಉಳಿಸಿಕೊಂಡರೆ ಅದೇ ಆಚೆ ಬರುತ್ತದೆ. ಕ್ಲಿನಿಕ್ ಹೆಸರು ಮತ್ತು ಬಡಾವಣೆ ಹಾಕಿ ನೀವೇ ಹುಡುಕಿ, ಯಾವ ಸಾಲು ಕಾಣುತ್ತೆ ನೋಡಿ. ಎರಡನೆಯದು, ಇಷ್ಟೆಲ್ಲ ಸರಿಮಾಡಿದರೂ ದೂರದ ಬಡಾವಣೆಯ ಹುಡುಕಾಟದಲ್ಲಿ ನೀವು ಬರಲಿಕ್ಕಿಲ್ಲ. ಅದಕ್ಕೆ ಅಂತ ಶಾಖೆಯೇ ಇಲ್ಲದ ಹತ್ತು ಬಡಾವಣೆಗೆ ಒಂದೇ ಪುಟವನ್ನು ಹೆಸರು ಬದಲಿಸಿ ಹಾಕುವ ಚಾಳಿ ಇದೆ. ಗೂಗಲ್‌ನ ನಿಯಮದಲ್ಲಿ ಅದು ಸ್ಪ್ಯಾಮ್. ರೋಗಿಯ ಲೆಕ್ಕದಲ್ಲಿ ಅದೂ ಒಂದು ಸುಳ್ಳೇ: ಹತ್ತಿರ ಅಂತ ನಂಬಿ ಆಟೋ ಹತ್ತಿದವನು ಅರ್ಧ ಊರು ದಾಟಬೇಕಾಗುತ್ತದೆ.

ಬಾಗಿಲ ಬೋರ್ಡಿನಲ್ಲಿ ಬರೆಸಲು ಡಾಕ್ಟರು ನಾಚುವ ಮಾತನ್ನು ಗೂಗಲ್ ಬೋರ್ಡಿಗೂ ನಾನು ಬರೆಯಲ್ಲ.