ಅಸಲಿ ಮೈಸೂರು ಸಿಲ್ಕ್ ಎಲ್ಲಿ? ಮೂರು ಹುಡುಕಾಟಗಳ ವಿಮರ್ಶೆ

ಮದುವೆ ಗೊತ್ತಾದ ಮನೆಯಲ್ಲಿ ಸೀರೆಯ ಮಾತು ಬಂದಾಗ ಮೈಸೂರಿನವರು ಕೇಳುವುದು ಇಷ್ಟೇ: ಅಸಲಿ ಮೈಸೂರು ಸಿಲ್ಕ್ ಎಲ್ಲಿ ಸಿಗತ್ತೆ, ಅಸಲಿ ಅಂತ ಗೊತ್ತಾಗೋದು ಹೇಗೆ? ಇದನ್ನೇ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕುತ್ತಾಳೆ, ಅಪ್ಪ ಗೂಗಲ್‌ನಲ್ಲಿ ಟೈಪ್ ಮಾಡುತ್ತಾರೆ, ಅಜ್ಜಿ ಮೈಕಿನ ಗುಂಡಿ ಒತ್ತಿ ಬಾಯಲ್ಲೇ ಕೇಳುತ್ತಾರೆ. ಮಗಳಿಗೆ ಮಾರಾಟಗಾರರ ರೀಲುಗಳು ಸಿಗುತ್ತವೆ, ಅಪ್ಪನಿಗೆ ಜಾಲತಾಣಗಳ ಪಟ್ಟಿ, ಅಜ್ಜಿಗೆ ಹತ್ತಿರದ ಯಾವುದೋ ಒಂದು ಅಂಗಡಿಯ ಹೆಸರು.

ಮೂರನ್ನೂ ತೂಗಿ ನೋಡಬೇಕಾದರೆ ಸರಿಯುತ್ತರ ಮೊದಲು ನಮ್ಮ ಕೈಯಲ್ಲಿರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿದೆ. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಎಲ್ಲರೂ ಕೆಎಸ್‌ಐಸಿ ಎನ್ನುವ ಸಂಸ್ಥೆಯ ಕೈಯಲ್ಲಿದೆ. ಮೈಸೂರು ಸಿಲ್ಕ್‌ನ ಭೌಗೋಳಿಕ ಸೂಚಕ ಹಕ್ಕೂ ನಿಗಮದ್ದೇ. ಅದರ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ ಮತ್ತು ಹೊಲೋಗ್ರಾಮ್ ಇರುತ್ತದೆ. ಕೇಳಿದವರನ್ನು ಈ ಮಾಹಿತಿಗೆ ಯಾವ ಹುಡುಕಾಟ ಬೇಗ ಮುಟ್ಟಿಸುತ್ತದೆ ಎಂಬುದೇ ನನ್ನ ಅಳತೆಗೋಲು.

ಗೂಗಲ್ ಹುಡುಕುವುದು ನಾವು ಕೇಳಿದ ಗಳಿಗೆಯಲ್ಲಲ್ಲ. ಅದರ ಯಂತ್ರಗಳು ಮೊದಲೇ ಜಾಲತಾಣಗಳನ್ನು ಸುತ್ತಿ, ಪುಟದಲ್ಲಿರುವ ಅಕ್ಷರಗಳನ್ನು ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಕಟ್ಟಿಟ್ಟಿರುತ್ತವೆ. ನಾವು ಕೇಳಿದಾಗ ಆ ಸೂಚಿಯಿಂದ ಪುಟಗಳನ್ನು ತೆಗೆದು, ಬೇರೆ ಎಷ್ಟು ತಾಣಗಳು ಅದಕ್ಕೆ ಕೊಂಡಿ ಹಾಕಿವೆ, ಯಾವ ಭಾಷೆಯಲ್ಲಿದೆ, ಎಷ್ಟು ಹೊಸತು ಎಂದೆಲ್ಲ ನೋಡಿ ಸಾಲಾಗಿ ನಿಲ್ಲಿಸುತ್ತದೆ. ಹಳೆಯದಾಗಿ ಬೇರೂರಿದ, ಹಲವರು ಉಲ್ಲೇಖಿಸುವ ತಾಣಕ್ಕೆ ಇಲ್ಲಿ ಬಲ ಹೆಚ್ಚು. ಹಾಗಾಗಿಯೇ original mysore silk saree ಎಂದು ಹುಡುಕಿದರೆ ನಿಗಮದ ತಾಣವೂ ದೊಡ್ಡ ಮಾರಾಟ ತಾಣಗಳೂ ಮುಂದೆ ಬರುವುದು. ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರದೊಡನೆ ಬರುವುದು ಮಾತ್ರ ಹಣ ಕೊಟ್ಟವರ ಜಾಹೀರಾತು. ಅದನ್ನು ದಾಟಿ ಕೆಳಗಿಳಿಯಬೇಕು.

ಅದೇ ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲಿ ಕೇಳಿ ನೋಡಿ, ಪಟ್ಟಿಯ ಬಣ್ಣವೇ ಬದಲಾಗುತ್ತದೆ. ಪತ್ರಿಕೆಗಳ ಜಾಲತಾಣಗಳು, ಸುದ್ದಿ ವಾಹಿನಿಗಳ ಲೇಖನಗಳು, ಯೂಟ್ಯೂಬ್ ವಿಡಿಯೋಗಳು ಮುಂದೆ ಬರುತ್ತವೆ. ಯುನಿಕೋಡ್ ಕನ್ನಡದಲ್ಲಿ ಪ್ರತಿದಿನ ಬರೆಯುತ್ತಿರುವವರು ಹೆಚ್ಚಾಗಿ ಅವರೇ ಆಗಿರುವುದು ಇದಕ್ಕೆ ಕಾರಣ. ಇದರ ಹಿಂದೆ ನಮ್ಮದೇ ಒಂದು ಹಳೆಯ ಹೊರೆಯೂ ಇದೆ. ಸರ್ಕಾರಿ ಕಚೇರಿಗಳು ವರ್ಷಾನುಗಟ್ಟಲೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳನ್ನು ಜಾಲಕ್ಕೆ ಏರಿಸಿವೆ. ನಮ್ಮ ಕಣ್ಣಿಗೆ ಅಲ್ಲಿ ‘ಕನ್ನಡ’ ಎಂದು ಕಂಡರೂ ಕಡತದೊಳಗೆ ಇರುವುದು PÀ£ÀßqÀ ಎಂಬ ರೋಮನ್ ಚಿಹ್ನೆಗಳ ಸಾಲು. ಯುನಿಕೋಡ್‌ನಲ್ಲಿ ಹುಡುಕುವವರ ಪದ ಅದಕ್ಕೆ ತಾಳೆಯಾಗುವುದಿಲ್ಲ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡ ಹೋಗಿ ಚಿಹ್ನೆಗಳು ಬಂದರೆ, ಆ ದಾಖಲೆ ಹುಡುಕಾಟಕ್ಕೆ ಇದ್ದೂ ಇಲ್ಲದಂತೆ. ಬೆಲೆಪಟ್ಟಿಯನ್ನೋ ಷೋರೂಮಿನ ವಿಳಾಸವನ್ನೋ ಬರೀ ಚಿತ್ರವಾಗಿ ಹಾಕಿದರೂ ಬಹುಮಟ್ಟಿಗೆ ಇದೇ ಗತಿ.

ಇನ್‌ಸ್ಟಾಗ್ರಾಮ್‌ನ ಹುಡುಕಾಟ ಇಡೀ ಜಾಲವನ್ನು ನೋಡುವುದೇ ಇಲ್ಲ. ತನ್ನ ಅಂಗಳದೊಳಗಿನ ಖಾತೆ, ರೀಲು, ಶೀರ್ಷಿಕೆ, ಹ್ಯಾಷ್‌ಟ್ಯಾಗ್, ಸ್ಥಳಗಳನ್ನಷ್ಟೇ ನೋಡುತ್ತದೆ. ನೀವು ಟೈಪ್ ಮಾಡಿದ ಪದ, ಈ ಹಿಂದೆ ನೀವು ನೋಡಿದ್ದು ಮತ್ತು ಮೆಚ್ಚಿದ್ದು, ಇತರರು ಒತ್ತಿದ ಲೈಕು, ಮಾಡಿದ ಶೇರು, ಇವುಗಳ ಮೇಲೆ ಅದರ ಸಾಲು ನಿಲ್ಲುತ್ತದೆ. ಇಲ್ಲಿ ಕಾಣುವ ಮಾರಾಟಗಾರರಲ್ಲಿ ಅನೇಕರಿಗೆ ಜಾಲತಾಣವೇ ಇಲ್ಲ. ಖಾತೆಯೇ ಅಂಗಡಿ, ವಾಟ್ಸ್‌ಆ್ಯಪ್ ಸಂಖ್ಯೆಯೇ ಗಲ್ಲಾಪೆಟ್ಟಿಗೆ. 2025ರ ಜುಲೈವರೆಗೆ ಇಂಥ ವೃತ್ತಿಪರ ಖಾತೆಗಳ ಪೋಸ್ಟ್‌ಗಳನ್ನು ಸರ್ಚ್ ಎಂಜಿನ್‌ಗಳು ತಮ್ಮ ಸೂಚಿಗೆ ಸೇರಿಸಿಕೊಳ್ಳಲು ಸರಿಯಾದ ಅವಕಾಶವೂ ಇರಲಿಲ್ಲ. ಅಪ್ಪನ ಪಟ್ಟಿಗೂ ಮಗಳ ಪಟ್ಟಿಗೂ ಒಂದು ಹೆಸರೂ ಕೂಡಿಬರದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ನನ್ನ ದೊಡ್ಡ ತಕರಾರು ಇರುವುದು ಇಲ್ಲಿಯೇ. #mysoresilk ಎಂಬ ಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ‘ಸೆಮಿ ಮೈಸೂರು ಸಿಲ್ಕ್’ ಎಂದು ಮಾರುವ ಕಡಿಮೆ ಬೆಲೆಯ ಸೀರೆಗೂ ಅದೇ ಪಟ್ಟಿ, ನಿಗಮದ ಸೀರೆಗೂ ಅದೇ ಪಟ್ಟಿ. ಹುಡುಕಾಟ ಇವೆರಡನ್ನೂ ಒಂದೇ ಎಂದು ಎಣಿಸುತ್ತದೆ. ಭೌಗೋಳಿಕ ಸೂಚಕ ಹಕ್ಕು ಯಾರದು ಎಂಬ ದಾಖಲೆ ಲೈಕುಗಳ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಇದನ್ನು ಪೂರ್ತಿ ತಳ್ಳಿಹಾಕಲು ಬಾರದು. ಸೀರೆ ಉಟ್ಟಾಗ ಹೇಗೆ ಬೀಳುತ್ತದೆ, ಬಣ್ಣ ಬಿಸಿಲಲ್ಲಿ ಹೇಗೆ ಕಾಣುತ್ತದೆ, ಷೋರೂಮಿನ ಮುಂದೆ ಇವತ್ತು ಎಷ್ಟು ಉದ್ದದ ಸಾಲು ಇದೆ ಎಂಬುದನ್ನು ಯಾವ ಅಧಿಕೃತ ತಾಣವೂ ಇಷ್ಟು ಬೇಗ ತೋರಿಸಲಾರದು.

ಇನ್ನು ಅಜ್ಜಿಯ ದಾರಿ. ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತನಾಡಿ ಹುಡುಕುವ ಸೌಲಭ್ಯ 2017ರ ಆಗಸ್ಟ್‌ನಲ್ಲಿ ಬಂತು. ಮಾತು ಮೊದಲು ಅಕ್ಷರವಾಗುತ್ತದೆ, ಆಮೇಲೆ ಕೇಳಿದವರಿಗೆ ಬೇಕಾದದ್ದು ಏನು ಎಂಬ ಊಹೆ ನಡೆಯುತ್ತದೆ. ‘ಎಲ್ಲಿ’ ಎಂದರೆ ಉತ್ತರ ನಕ್ಷೆಯಿಂದ ಬರುತ್ತದೆ, ‘ಹೇಗೆ’ ಎಂದರೆ ಯಾವುದಾದರೂ ಒಂದು ಪುಟದಿಂದ ಎತ್ತಿದ ಎರಡು ವಾಕ್ಯಗಳಿಂದ. ಓದಿ ಹೇಳುವ ಸಾಧನ ಹತ್ತು ತಾಣಗಳ ಹೆಸರನ್ನು ಓದಲಾರದು, ಆದ್ದರಿಂದ ಒಂದನ್ನೇ ಆರಿಸುತ್ತದೆ. ನಕ್ಷೆ ನೋಡುವುದು ಮೂರನ್ನು: ಪ್ರಶ್ನೆಗೆ ಹೊಂದಿಕೆ, ಇರುವ ದೂರ, ಹೆಸರುವಾಸಿ. ವಿಜಯನಗರದಲ್ಲಿ ಕೇಳಿದಾಗ ಮೊದಲು ಬರುವ ಅಂಗಡಿ ನಜರ್‌ಬಾದಿನಲ್ಲಿ ಕೇಳಿದಾಗ ಬಾರದೇ ಹೋಗಬಹುದು. ‘ಮೈಸೂರು ಸಿಲ್ಕ್’ ಎಂಬ ಪದ ಹೆಸರಿನಲ್ಲೇ ಇರುವ ಖಾಸಗಿ ಅಂಗಡಿಗೆ ಹೊಂದಿಕೆಯ ಬಲವೂ ಸಿಗುತ್ತದೆ. ಆ ಅಂಗಡಿ ಒಳ್ಳೆಯ ರೇಷ್ಮೆಯನ್ನೇ ಮಾರುತ್ತಿರಬಹುದು, ಆದರೆ ಅಜ್ಜಿ ಕೇಳಿದ್ದು ‘ಅಸಲಿ’ ಎಲ್ಲಿ ಎಂದು. ಆ ಒಂದು ಪದ ದೂರದ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಮಾತು ಅಕ್ಷರವಾಗುವ ಮೊದಲ ಹಂತದಲ್ಲೇ ತಪ್ಪಬಹುದು ಎಂಬುದನ್ನೂ ನೆನಪಿಡಬೇಕು. ‘ಕೆಎಸ್‌ಐಸಿ’ ಎಂದದ್ದು ಕನ್ನಡ ಅಕ್ಷರವಾಗಿ ಬಂತೋ, ರೋಮನ್ ಅಕ್ಷರವಾಗಿ ಬಂತೋ, ಬೇರೇನೋ ಆಯಿತೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಉತ್ತರಕ್ಕೆ ಮೊದಲು ಪರದೆಯ ಮೇಲೆ ಮೂಡುವ ಸಾಲನ್ನು ಓದಿದರೆ ಅದು ಗೊತ್ತಾಗುತ್ತದೆ. ಕಿವಿಯಲ್ಲಷ್ಟೇ ಕೇಳುವವರಿಗೆ ಆ ಅವಕಾಶವಿಲ್ಲ, ಯಾರ ತಾಣದಿಂದ ಎತ್ತಿದ ಮಾತು ಎಂಬುದೂ ಅವರ ಮನಸ್ಸಿನಲ್ಲಿ ನಿಲ್ಲುವುದು ಕಷ್ಟ.

ಹಾಗಾದರೆ ಯಾವುದನ್ನು ನಂಬುವುದು? ಅಸಲಿಯ ಗುರುತು ತಿಳಿಯಲು ಟೈಪ್ ಮಾಡುವ ಹುಡುಕಾಟವೇ ಮೇಲು, ಅದೂ ಎರಡೂ ಲಿಪಿಯಲ್ಲಿ. ಸೀರೆಯ ಅಂದ ನೋಡಲು ಇನ್‌ಸ್ಟಾಗ್ರಾಮ್ ಸಾಕು, ಅಲ್ಲಿ ಹಣ ಕಳಿಸುವ ಮುನ್ನ ಸಂಕೇತ ಸಂಖ್ಯೆ, ಹೊಲೋಗ್ರಾಮ್‌ಗಳ ಸ್ಪಷ್ಟ ಫೋಟೋ ಕೇಳಿ. ಫೋಟೋ ಕೂಡ ಬೇರೆ ಸೀರೆಯದ್ದಾಗಿರಬಹುದಾದ್ದರಿಂದ ಕೈಗೆ ಬಂದ ಸೀರೆಯಲ್ಲಿ ಅದೇ ಸಂಖ್ಯೆ ಇದೆಯೇ ನೋಡಿ. ಮಾತಿನ ಹುಡುಕಾಟದಲ್ಲಿ ‘ಹತ್ತಿರದ ಮೈಸೂರು ಸಿಲ್ಕ್’ ಎನ್ನುವ ಬದಲು ನಿಗಮದ ಷೋರೂಮ್ ಎಂದೇ ಹೆಸರು ಹಿಡಿದು ಕೇಳಿ. ಇಲಾಖೆಗಳವರಲ್ಲೂ ಅಂಗಡಿಯವರಲ್ಲೂ ನನ್ನ ಕೋರಿಕೆ ಒಂದೇ: ವಿಳಾಸ, ಸಮಯ, ಬೆಲೆ, ಅಸಲಿಯ ಗುರುತು, ಇಷ್ಟನ್ನಾದರೂ ಚಿತ್ರವಾಗಿ ಹಾಕದೆ, ಹಳೆಯ ಫಾಂಟಿನ ಪಿಡಿಎಫ್ ಆಗಿಯೂ ಹಾಕದೆ, ಯುನಿಕೋಡ್ ಕನ್ನಡದ ಅಕ್ಷರಗಳಲ್ಲಿ ಒಂದು ಪುಟ ಬರೆದು ಹಾಕಿ.