ಚಾರ್ಲಿಗೆ ಅತ್ತವರು, ಓಣಿಯಲ್ಲಿ ಸುಮ್ಮನಾದವರು

ಕಿರಣ್‌ರಾಜ್ ನಿರ್ದೇಶಿಸಿದ ‘777 ಚಾರ್ಲಿ’ 2022ರ ಜೂನ್ 10ರಂದು ತೆರೆಕಂಡಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದೇ ತಿಂಗಳು ಚಿತ್ರ ನೋಡಿ, ಹಿಂದಿನ ವರ್ಷ ತೀರಿಕೊಂಡ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಅತ್ತರು. ಸರ್ಕಾರ ಚಿತ್ರಕ್ಕೆ ಆರು ತಿಂಗಳ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ನಾಯಿಗಾಗಿ ನಾಲ್ಕು ಜನರ ನಡುವೆ ಅಳಬಹುದು ಎಂಬ ಧೈರ್ಯವನ್ನು ಕನ್ನಡದ ಪ್ರೇಕ್ಷಕರಿಗೆ ಈ ಚಿತ್ರ ಕೊಟ್ಟಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಇಂಥ ದುಃಖದ ಅತಿ ಕಷ್ಟದ ಭಾಗವನ್ನು ಅದು ಮುಟ್ಟಲೇ ಇಲ್ಲ.

ನಾಯಕ ಧರ್ಮ ಬಾಲ್ಯದಲ್ಲೇ ಮನೆಯವರನ್ನೆಲ್ಲ ಕಳೆದುಕೊಂಡವನು. ಅವನ ನಾಯಿ ಚಾರ್ಲಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಅವನನ್ನು ತಡೆಯಲು ಅತ್ತೆ, ಅಣ್ಣ, ನೆಂಟರು ಯಾರೂ ಇಲ್ಲ. ಬೈಕಿನ ಪಕ್ಕದ ತೊಟ್ಟಿಲಲ್ಲಿ ಅದನ್ನು ಕೂರಿಸಿಕೊಂಡು ಹಿಮ ತೋರಿಸಲು ಹೊರಟುಬಿಡುತ್ತಾನೆ. ದಾರಿಯಲ್ಲಿ ಸಿಗುವವರೂ ಬಹುಪಾಲು ಒಳ್ಳೆಯವರೇ. ಸಂಸಾರದ ನಡುವೆ ಇದ್ದು, ಯಾರಿಗೂ ಬೇಡವಾದ ದುಃಖ ಹೊರುವವರ ಪಾಡು ಬೇರೆಯೇ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳಿವೆ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಅಲ್ಲಿ ನನಗೆ ಪರಿಚಯದ ಒಬ್ಬ ಮಾವಶಿಯ ನಾಯಿ ಮೂತ್ರಪಿಂಡ ಕೆಟ್ಟು ಸತ್ತಿತು. ಕೊನೆಯ ವಾರ ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿ ತಿಳಿಯನ್ನು ಅದರ ದವಡೆಯ ಸಂದಿಗೆ ಹನಿಹನಿಯಾಗಿ ಬಿಡುತ್ತಿದ್ದರು. ಹೂಳಲು ಮನೆಯಲ್ಲಿ ಅಂಗೈಯಗಲ ಮಣ್ಣಿರಲಿಲ್ಲ. ಊರಾಚೆಯ ನೆಂಟರ ಹೊಲಕ್ಕೆ ಗೋಣಿಚೀಲದಲ್ಲಿ ಒಯ್ದರು. ಮರುದಿನ ಮನೆಯಲ್ಲಿ ಎಂದಿನಂತೆ ಒಲೆ ಹೊತ್ತಿತು. ಮಾವಶಿ ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಂಡಾಗ ಮನೆಯವರಿಂದ ಬಂದ ಮಾತು: “ನಾಯಿ ಸತ್ತದ್ದಕ್ಕ ಇಷ್ಟ್ಯಾಕ ಹಚಗೋತಿ? ಮಂದಿ ಮಕ್ಕಳ್ನ ಕಳಕೊಂಡಾರ. ಇನ್ನೊಂದ ಮರಿ ತಂದ ಕೊಡ್ತೀವಿ, ತಗೋ.”

ಅಂದವರು ಕೆಟ್ಟವರಲ್ಲ. ಮನುಷ್ಯರು ಸತ್ತರೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು: ಸೂತಕವಿದೆ, ಬುತ್ತಿ ತರುವ ಬೀಗರಿದ್ದಾರೆ, ಬಾಗಿಲಲ್ಲಿ ಕೂತು ಮಾತಾಡಿಸಿ ಹೋಗುವವರಿದ್ದಾರೆ. ನಾಯಿಗೆ ಇದ್ಯಾವುದೂ ಇಲ್ಲ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ದುಃಖವನ್ನು ವಿವರಿಸಿದರು: ಸಂಬಂಧವನ್ನೇ ಸಮಾಜ ಲೆಕ್ಕಕ್ಕೆ ಹಿಡಿಯದಿದ್ದಾಗ, ಅಥವಾ ಕಳೆದುಕೊಂಡದ್ದು ನಷ್ಟವೇ ಅಲ್ಲ ಎಂದಾಗ, ದುಃಖಪಡುವ ಹಕ್ಕೇ ಇಲ್ಲವಾಗುತ್ತದೆ. ಆಮೇಲೆ ಊರಿನ ಮಾತು ಒಳಗೂ ಇಳಿಯುತ್ತದೆ. ಮಾವಶಿಗೆ ಅಳು ಬಂದರೆ ಈಗ ಅವರಿಗೇ ನಾಚಿಕೆ. ಔಷಧ ಒಂದು ದಿನ ತಡವಾಯಿತೇನೋ ಎಂಬ ಕೊರಗನ್ನು ಯಾರ ಮುಂದೆಯೂ ಆಡಿ ಹಗುರಾಗುವ ದಾರಿಯಿಲ್ಲ.

ನಾಯಿಯ ಸಾವಿಗೆ ಮರ್ಯಾದೆ ಕೊಡುವುದು ನಮಗೆ ಎಂದೂ ತಿಳಿಯದ ಸಂಗತಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಕನ್ನಡ ಶಾಸನವೊಂದಿತ್ತು, ಈಗದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲ ಯುದ್ಧದಲ್ಲಿ ಹೋರಾಡಿದ ಮಣಲೆರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ. ಅದು ದೊಡ್ಡವರ ನಾಯಿ, ವೀರಮರಣದ ನಾಯಿ. ಮೂತ್ರಪಿಂಡ ಕೆಟ್ಟು ಸತ್ತ ಓಣಿಯ ನಾಯಿಗೆ ಆಗಲೂ ಕಲ್ಲು ಸಿಗುತ್ತಿರಲಿಲ್ಲವೇನೋ. ಆದರೂ ಆ ಏರ್ಪಾಡನ್ನು ನೋಡಿ: ನಾಯಿಗೆ ಹೆಸರಿದೆ, ಜಾಗವಿದೆ, ನೆನೆಯುವ ಕೆಲಸ ಯಜಮಾನನಲ್ಲದ ಇನ್ನೊಬ್ಬನ ಪಾಲಿಗೂ ಬಂದಿದೆ. ಮಣಲೆರ ಒಬ್ಬನೇ ಕೂತು ಅಳಬೇಕಾಗಿರಲಿಲ್ಲ.

ಈ ಅಳತೆಗೆ ಹಿಡಿದಾಗ ಚಿತ್ರದ ಕೊನೆ ನನಗೆ ಒಪ್ಪುವುದಿಲ್ಲ. ಚಾರ್ಲಿ ಸತ್ತ ಮೇಲೆ ಅದರದೇ ಮರಿ ಧರ್ಮನ ಕೈಗೆ ಬರುತ್ತದೆ, ಚಿತ್ರಮಂದಿರ ನಿಟ್ಟುಸಿರುಬಿಟ್ಟು ಸಮಾಧಾನಗೊಳ್ಳುತ್ತದೆ. ಮಾವಶಿಗೆ ಮನೆಯವರು ಕೊಡಹೊರಟದ್ದೂ ಅದೇ ಮರಿ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಈ ನಾಯಿಯ ಜಾಗಕ್ಕೆ ಇನ್ನೊಂದು ಬರದು ಎಂದು ನಂಬಿಸಿದ ಚಿತ್ರ, ಕೊನೆಗೆ ಆ ಜಾಗವನ್ನು ಒಂದು ದಿನವೂ ಖಾಲಿ ಬಿಡಲು ಹೆದರಿತು. ಮಾವಶಿಗೆ ಕೆಲಸಕ್ಕೆ ಬಂದದ್ದು ಮರಿಯಲ್ಲ. ಎದುರು ಮನೆಯ ಹಿರಿಯರೊಬ್ಬರು ಬಂದು, “ಕಡೀಕ ಏನರ ತಿಂತೇನ್ರಿ ಅದು?” ಎಂದು ಕೇಳಿ ಕಟ್ಟೆಯ ಮೇಲೆ ಕೂತರು. ಮಾವಶಿ ಸಿರಿಂಜಿನಿಂದ ಹಿಡಿದು ತಡವಾದ ಔಷಧದ ತನಕ ಎಲ್ಲ ಹೇಳಿದರು. ಹಿರಿಯರು ನಡುವೆ ಬಾಯಿ ಹಾಕಲಿಲ್ಲ.